ಸಣ್ಣ ಊರಿನ ಆಫೀಸು, ಕರೆಂಟ್ ಹೋದಾಗ ಶಿಫ್ಟ್ ನಡೆಸುವುದು ಹೇಗೆ?

ಪ್ರಶ್ನೆ: ನಮ್ಮದು ತಾಲ್ಲೂಕು ಊರಿನಲ್ಲಿ ಎಂಟು ಸೀಟಿನ ಆಫೀಸು. ಕಸ್ಟಮರ್ ಕಾಲ್ ಮತ್ತು ಬಿಲ್ ಎಂಟ್ರಿ ಕೆಲಸ, ಮಧ್ಯಾಹ್ನ 2ರಿಂದ ರಾತ್ರಿ 10. ಎಲ್ಲರಿಗೂ ಲ್ಯಾಪ್‌ಟಾಪ್ ಇದೆ. ಒಂದು 150 ಎಎಚ್ ಬ್ಯಾಟರಿಯ ಇನ್ವರ್ಟರ್ ಇದೆ, ಆದರೆ ಮುಕ್ಕಾಲು ಗಂಟೆಗೆ ಕೂಗಿಕೊಳ್ಳುತ್ತೆ. ಕರೆಂಟ್ ಇದ್ದರೆ ನೆಟ್ ಇರಲ್ಲ. ಜನರೇಟರ್ ತಗೊಳ್ಳಲೇಬೇಕಾ?

ಉತ್ತರ:

ಜನರೇಟರ್ ವಿಷಯ ಕೊನೆಗೆ ಹೇಳುತ್ತೇನೆ. ಅದಕ್ಕೂ ಮೊದಲು, ಈಗಿರುವ ಬ್ಯಾಟರಿಯಿಂದಲೇ ಮೂರೂವರೆ ಗಂಟೆ ಕೆಲಸ ತೆಗೆಯಬಹುದು. ನಾನು ಸಾಗರದಲ್ಲಿ ಇಂಥದ್ದೇ ಒಂದು ಆಫೀಸಿನಲ್ಲಿ ಶಿಫ್ಟ್ ನೋಡಿಕೊಳ್ಳುತ್ತೇನೆ. ಮಳೆಗಾಲ ಶುರುವಾದರೆ ಎಲ್ಲೋ ಒಂದು ಮರ ಲೈನ್ ಮೇಲೆ ಬೀಳುವುದು ಇಲ್ಲಿ ಮಾಮೂಲು. ಹಾಗಾಗಿ ಇದರ ಲೆಕ್ಕ ನಮಗೆ ಬಾಯಿಪಾಠವಾಗಿದೆ.

ನಿಮ್ಮ ಇನ್ವರ್ಟರ್ ಮೇಲೆ ಏನೇನು ಇದೆ ನೋಡಿ. ಎಂಟು ಲ್ಯಾಪ್‌ಟಾಪ್ ಚಾರ್ಜ್ ಆಗುತ್ತಿದ್ದರೆ ಒಂದಕ್ಕೆ 50 ವ್ಯಾಟ್ ಹಿಡಿದರೂ 400. ಹಳೆ ಫ್ಯಾನ್ ಒಂದಕ್ಕೆ ಸುಮಾರು 75, ನಾಲ್ಕಿದ್ದರೆ 300. ನಾಲ್ಕು ಟ್ಯೂಬ್‌ಲೈಟಿಗೆ 80. ನೆಟ್‌ನ ಡಬ್ಬಿಗಳಿಗೆ 30. ಎಲ್ಲಾ ಸೇರಿ 800 ದಾಟುತ್ತದೆ. ಬ್ಯಾಟರಿಯ ಮೇಲೆ ಬರೆದಿರುವ 150 ಎಎಚ್ ಅನ್ನುವುದು 20 ಗಂಟೆ ನಿಧಾನವಾಗಿ ಎಳೆದರೆ ಸಿಗುವ ಲೆಕ್ಕ. ಒಂದೇ ಗಂಟೆಯಲ್ಲಿ ಎಳೆಯಲು ಹೋದರೆ ಅದರ ಅರ್ಧದಷ್ಟು ಸಿಕ್ಕರೆ ಹೆಚ್ಚು. ಅದಕ್ಕೇ ಮುಕ್ಕಾಲು ಗಂಟೆಗೆ ಕೂಗುವುದು. ಬ್ಯಾಟರಿ ಕೆಟ್ಟಿದೆ ಅಂತ ಈಗಲೇ ಬದಲಾಯಿಸಬೇಡಿ. ಡಿಸ್ಟಿಲ್ಡ್ ವಾಟರ್ ಮಟ್ಟ ಮಾತ್ರ ಒಮ್ಮೆ ನೋಡಿಬಿಡಿ.

ಲ್ಯಾಪ್‌ಟಾಪ್‌ಗೆ ತನ್ನದೇ ಬ್ಯಾಟರಿ ಇದೆ, ಅಲ್ವಾ? ಚೆನ್ನಾಗಿದ್ದರೆ ಎರಡು ಗಂಟೆ ಬರುತ್ತದೆ. ಕರೆಂಟ್ ಹೋದ ತಕ್ಷಣ ಎಲ್ಲಾ ಚಾರ್ಜರ್ ಆಫ್ ಆಗಬೇಕು. ಪ್ರತಿಯೊಬ್ಬರೂ ನೆನಪಿಟ್ಟುಕೊಂಡು ತೆಗೆಯಲಿ ಅಂದರೆ ಆಗುವುದಿಲ್ಲ. ಚಾರ್ಜರ್ ಪ್ಲಗ್‌ಗಳನ್ನು ಇನ್ವರ್ಟರ್ ಲೈನಿನಿಂದ ತಪ್ಪಿಸಿ ನೇರ ಕರೆಂಟಿಗೆ ಕೊಡಲು ಎಲೆಕ್ಟ್ರಿಷಿಯನ್‌ಗೆ ಹೇಳಿ. ಒಂದು ಎಕ್ಸ್‌ಟೆನ್ಷನ್ ಬೋರ್ಡ್ ಮಾತ್ರ ಇನ್ವರ್ಟರ್ ಮೇಲೆ ಇರಲಿ, ಅದರಲ್ಲಿ ಮೂರೇ ಪಾಯಿಂಟ್. ಹಳೆ ಫ್ಯಾನ್ ತೆಗೆದು ಕಡಿಮೆ ಕರೆಂಟ್ ತಿನ್ನುವ ಬಿಎಲ್‌ಡಿಸಿ ಫ್ಯಾನ್ ಹಾಕಿಸಿದರೆ ಒಂದಕ್ಕೆ 30 ವ್ಯಾಟ್ ಸಾಕು.

ಈಗ ಲೆಕ್ಕ ನೋಡಿ. ನಾಲ್ಕು ಫ್ಯಾನ್ 120, ಮೂರು ಲೈಟ್ 60, ನೆಟ್ 30. ಒಟ್ಟು 210 ವ್ಯಾಟ್. ಇಷ್ಟು ನಿಧಾನವಾಗಿ ಎಳೆದಾಗ ಬ್ಯಾಟರಿಯಿಂದ 1000 ವ್ಯಾಟ್-ಅವರ್ ಧಾರಾಳವಾಗಿ ಸಿಗುತ್ತದೆ. ಮೊದಲ ಎರಡು ಗಂಟೆಗೆ 420 ಖರ್ಚು. ಆಮೇಲೆ ಲ್ಯಾಪ್‌ಟಾಪ್‌ಗಳನ್ನು ಮೂರು ಮೂರರಂತೆ ಸರದಿಯಲ್ಲಿ ಚಾರ್ಜಿಗೆ ಹಾಕಿ. ಆಗ ಲೋಡ್ 360ರ ಹತ್ತಿರ ಬರುತ್ತದೆ. ಉಳಿದ 580ರಲ್ಲಿ ಇನ್ನೂ ಒಂದೂವರೆ ಗಂಟೆ ನಡೆಯುತ್ತದೆ.

ಆದರೆ ಇದು ಬ್ಯಾಟರಿ ತುಂಬಿದ್ದಾಗಿನ ಮಾತು. ಖಾಲಿಯಾದ ಬ್ಯಾಟರಿ ಪೂರ್ತಿ ತುಂಬಲು 10–12 ಗಂಟೆ ಬೇಕು. ಬೆಳಗ್ಗೆ ಕರೆಂಟ್ ಹೋಗಿ ಮಧ್ಯಾಹ್ನ ಬಂದಿದ್ದರೆ, ಸಂಜೆಗೆ ನಿಮ್ಮ ಕೈಯಲ್ಲಿ ಇರುವುದು ಅರ್ಧ ಬ್ಯಾಟರಿ. ಶಿಫ್ಟ್ ಶುರು ಮಾಡುವಾಗಲೇ ಅದನ್ನು ಕೇಳಿಕೊಳ್ಳಿ.

ಇನ್ನೊಂದು ವಿಷಯ ಸಣ್ಣ ಊರಿನವರಿಗೇ ಗೊತ್ತಾಗುವಂಥದ್ದು. ಇನ್ವರ್ಟರ್ ಹಿಂಭಾಗದಲ್ಲಿ ಸಾಮಾನ್ಯವಾಗಿ ಒಂದು ಸಣ್ಣ ಸ್ವಿಚ್ ಇರುತ್ತದೆ: ಯುಪಿಎಸ್ ಮೋಡ್, ಇಲ್ಲವೇ ನಾರ್ಮಲ್ ಅಥವಾ ಇಕೋ ಮೋಡ್. ಯುಪಿಎಸ್ ಮೋಡಿನಲ್ಲಿ ವೋಲ್ಟೇಜ್ ಸುಮಾರು 180ಕ್ಕಿಂತ ಕೆಳಗೆ ಬಂದರೆ ಇನ್ವರ್ಟರ್ ಕರೆಂಟನ್ನು ಬಿಟ್ಟು ಬ್ಯಾಟರಿಗೆ ಹಾರುತ್ತದೆ. ನಮ್ಮ ಕಡೆ ಸಂಜೆ ಲೋ ವೋಲ್ಟೇಜ್ ಇರುತ್ತದೆ. ಬೀದಿಯಲ್ಲಿ ಲೈಟು ಮಂಕಾಗಿ ಉರಿಯುತ್ತಿರುತ್ತದೆ, ಎಲ್ಲರೂ ಕರೆಂಟ್ ಇದೆ ಅಂದುಕೊಂಡಿರುತ್ತಾರೆ, ಒಳಗೆ ಬ್ಯಾಟರಿ ಸುಮ್ನೆ ಖಾಲಿಯಾಗುತ್ತಿರುತ್ತದೆ. ಏಳೂವರೆಗೆ ನಿಜವಾಗಿ ಕರೆಂಟ್ ಹೋದಾಗ ಹತ್ತೇ ನಿಮಿಷಕ್ಕೆ ಎಲ್ಲಾ ಬಂದ್. ಇನ್ವರ್ಟರ್ ಮುಂದಿನ ದೀಪ ನೋಡಿದರೆ ಇದು ಗೊತ್ತಾಗುತ್ತದೆ: ಗೋಡೆಯ ಪ್ಲಗ್ಗಿನಲ್ಲಿ ಕರೆಂಟ್ ಇದ್ದೂ ಅದು ಬ್ಯಾಟರಿ ಮೇಲೆ ಓಡುತ್ತಿದೆ ಅಂತ ತೋರಿಸುತ್ತಿರುತ್ತದೆ. ನಿಮ್ಮಲ್ಲಿ ಡೆಸ್ಕ್‌ಟಾಪ್ ಇಲ್ಲ, ಹಾಗಾಗಿ ನಾರ್ಮಲ್ ಮೋಡಿನಲ್ಲೇ ಇಡಿ. ಆ ಮೋಡಿನಲ್ಲಿ ಬದಲಾಗುವಾಗ ಕ್ಷಣಕಾಲ ಕರೆಂಟ್ ಕಡಿಯುತ್ತದೆ. ಲ್ಯಾಪ್‌ಟಾಪ್‌ಗೆ ಏನೂ ಆಗಲ್ಲ. ರೂಟರ್ ಮಾತ್ರ ಆಫ್ ಆಗಿ ಮತ್ತೆ ಆನ್ ಆಗಬಹುದು, ಎರಡು ಮೂರು ನಿಮಿಷ ಎಲ್ಲರ ಕಾಲ್ ಹೋಗುತ್ತದೆ. ಅದಕ್ಕೆ ರೂಟರ್ ಮತ್ತು ಫೈಬರ್ ಡಬ್ಬಿಗೆ ಬೇರೆಯೇ 12 ವೋಲ್ಟ್‌ನ ಮಿನಿ ಯುಪಿಎಸ್ ಹಾಕಿ. ಕೊಳ್ಳುವ ಮೊದಲು ಎರಡೂ ಅಡಾಪ್ಟರಿನ ಮೇಲೆ ಬರೆದಿರುವ ವೋಲ್ಟ್ ಮತ್ತು ಆಂಪಿಯರ್ ಓದಿಕೊಳ್ಳಿ. ಕೆಲವು 9 ವೋಲ್ಟಿನವೂ ಇವೆ.

ಇನ್ನು ನೆಟ್. ಹೋದಾಗ ಮೊದಲು ಫೈಬರ್ ಡಬ್ಬಿಯ ದೀಪ ನೋಡಿ, ಆಮೇಲೆ ಫೋನ್ ಮಾಡಿ. LOS ಅನ್ನುವ ದೀಪ ಕೆಂಪಾಗಿದ್ದರೆ ನಿಮ್ಮ ಡಬ್ಬಿಗೆ ಬೆಳಕೇ ಬರುತ್ತಿಲ್ಲ. ಎಲ್ಲೋ ಫೈಬರ್ ತುಂಡಾಗಿದೆ, ಇಲ್ಲವೇ ಕೇಬಲ್‌ನವರ ಕಡೆ ಮೆಷಿನ್ ಆಫ್ ಆಗಿದೆ. PON ಅನ್ನುವ ದೀಪ ಹಸಿರಾಗಿ ನಿಂತಿದ್ದೂ ನೆಟ್ ಬರದಿದ್ದರೆ ಲೈನ್ ಸರಿ ಇದೆ, ತೊಂದರೆ ಅದರಾಚೆ. ಒಂದು ಲ್ಯಾಪ್‌ಟಾಪಿನಲ್ಲಿ ಇದನ್ನೂ ನೋಡಿ:

```
ping 192.168.1.1
ping 8.8.8.8
ping google.com
```

ಮೊದಲನೆಯದು ನಿಮ್ಮ ರೂಟರಿನ ವಿಳಾಸ, ನಿಮ್ಮಲ್ಲಿ ಬೇರೆ ಇದ್ದರೆ ಅದನ್ನು ಹಾಕಿ. ಅದಕ್ಕೇ ಉತ್ತರ ಬರದಿದ್ದರೆ ತೊಂದರೆ ಆಫೀಸಿನ ಒಳಗೇ ಇದೆ. ಮೊದಲನೆಯದು ಬಂದು ಎರಡನೆಯದು ಬರದಿದ್ದರೆ ಹೊರಗಿನ ಲೈನ್ ಇಲ್ಲ. ಎರಡೂ ಬಂದು ಮೂರನೆಯದು ಮಾತ್ರ ಬರದಿದ್ದರೆ ರೂಟರಿನಲ್ಲಿ ಡಿಎನ್‌ಎಸ್, ಅಂದರೆ ಸೈಟಿನ ಹೆಸರಿಗೆ ವಿಳಾಸ ಹುಡುಕಿಕೊಡುವ ಸರ್ವರ್, ಬದಲಾಯಿಸಿದರೆ ಸಾಕು. ಕೇಬಲ್‌ನವರಿಗೆ "ನೆಟ್ ಇಲ್ಲ" ಅನ್ನುವುದಕ್ಕಿಂತ "LOS ಕೆಂಪಾಗಿದೆ" ಅಂದರೆ ಅವರು ಬರುವಾಗಲೇ ಫೈಬರ್ ಜೋಡಿಸುವ ಮೆಷಿನ್ ಹಿಡಿದುಕೊಂಡು ಬರುತ್ತಾರೆ.

ಎರಡನೇ ಲೈನ್ ತೆಗೆದುಕೊಳ್ಳುವಾಗ ಕಂಪನಿ ಬೇರೆ ಅಂದರೆ ಸಾಲದು. ನಿಮ್ಮ ಆಫೀಸಿನಿಂದ ಮುಖ್ಯರಸ್ತೆವರೆಗೆ ತಲೆ ಎತ್ತಿಕೊಂಡು ನಡೆದು ನೋಡಿ. ಎರಡೂ ವೈರು ಅದೇ ಕಂಬದ ಮೇಲೆ ಬಂದರೆ, ಆ ಕಂಬ ಬಿದ್ದ ದಿನ ಎರಡೂ ಇಲ್ಲ. ಸಣ್ಣ ಊರಿಗೆ ಎರಡನೆಯದಾಗಿ ಮೊಬೈಲ್ ನೆಟ್ಟೇ ವಾಸಿ: ಸಿಮ್ ಹಾಕುವ 4ಜಿ ರೂಟರ್. ಅದರಲ್ಲೂ ಒಂದು ಸೂಕ್ಷ್ಮ ಇದೆ. ಬೇರೆ ಬೇರೆ ಕಂಪನಿಯ ಸಿಮ್‌ಗಳು ಒಂದೇ ಟವರ್ ಹಂಚಿಕೊಂಡಿರಬಹುದು, ಟವರಿನ ಬ್ಯಾಟರಿಯೂ ಕೆಲವು ಗಂಟೆಯಷ್ಟೇ. ಮುಂದಿನ ಸಲ ಉದ್ದದ ಕಟ್ ಆದಾಗ ಯಾವ ಕಂಪನಿಯ ಸಿಗ್ನಲ್ ಎಷ್ಟು ಹೊತ್ತಿಗೆ ಹೋಯಿತು ಅಂತ ಬರೆದಿಡಿ. ಕೊನೆಯವರೆಗೆ ಉಳಿದದ್ದನ್ನು ಆಫೀಸಿಗೆ ತಗೊಳ್ಳಿ, ಸ್ಪೀಡ್ ಕಡಿಮೆ ಇದ್ದರೂ ಪರವಾಗಿಲ್ಲ. ಒಂದು ಕಾಲ್‌ಗೆ 100 ಕೆಬಿಪಿಎಸ್ ಸಾಕು, ಎಂಟು ಜನ ಮಾತಾಡಿದರೂ 1 ಎಂಬಿಪಿಎಸ್ ದಾಟಲ್ಲ. ನೆಟ್ ತಿನ್ನುವುದು ವಿಂಡೋಸ್ ಅಪ್‌ಡೇಟ್. ಆ ವೈಫೈಯನ್ನು ಪ್ರತಿ ಲ್ಯಾಪ್‌ಟಾಪಿನಲ್ಲೂ `Metered connection` ಅಂತ ಮಾಡಿಡಿ.

ಲೈನ್ ಬದಲಾದಾಗ ನಿಮ್ಮ ಐಪಿ ವಿಳಾಸವೂ ಬದಲಾಗುತ್ತದೆ. ಕ್ಲೈಂಟ್ ನಿಮ್ಮ ಫೈಬರಿನ ಸ್ಟ್ಯಾಟಿಕ್ ಐಪಿಯನ್ನು ಮಾತ್ರ ಒಳಗೆ ಬಿಡುವ ಹಾಗೆ ಇಟ್ಟಿದ್ದರೆ, ಮೊಬೈಲ್ ನೆಟ್ ಎಷ್ಟು ಚೆನ್ನಾಗಿದ್ದರೂ ಲಾಗಿನ್ ಆಗುವುದಿಲ್ಲ. ಎರಡನೇ ಲೈನಿಗೆ ದುಡ್ಡು ಕೊಟ್ಟೂ ಕೆಲಸ ನಿಲ್ಲುವುದು ಹೆಚ್ಚಾಗಿ ಇಲ್ಲೇ. ಮಳೆಗಾಲಕ್ಕೆ ಮೊದಲೇ ಅವರ ಐಟಿಯವರ ಹತ್ತಿರ ಮಾತಾಡಿ. ಪ್ರತಿಯೊಬ್ಬರಿಗೂ ಬೇರೆ ವಿಪಿಎನ್ ಲಾಗಿನ್ ಕೊಟ್ಟರೆ ಯಾವ ನೆಟ್ಟಿನಿಂದಲಾದರೂ ಒಳಗೆ ಹೋಗಬಹುದು. ಒಪ್ಪಿದ ಮೇಲೆ ಕೆಲಸ ಕಡಿಮೆ ಇರುವ ಒಂದು ದಿನ ಫೈಬರ್ ಕಿತ್ತು, ಮೊಬೈಲ್ ನೆಟ್ಟಲ್ಲೇ ಅರ್ಧ ಗಂಟೆ ನಡೆಸಿ ನೋಡಿ.

ಜನರ ವಿಷಯ ನನಗೆ ಇದೆಲ್ಲಕ್ಕಿಂತ ಮುಖ್ಯ. ಕರೆಂಟ್ ಹೋಗಿ ಅರ್ಧ ಗಂಟೆ ಆದ ಮೇಲೆ 1912ಕ್ಕೆ ದೂರು ಕೊಡಿ, ಜೊತೆಗೆ ಗೊತ್ತಿರುವ ಲೈನ್‌ಮನ್‌ಗೂ ಒಂದು ಫೋನ್ ಮಾಡಿ. "ಯಾವಾಗ ಬರುತ್ತೆ ಅಣ್ಣಾ" ಅಂತ ಕೇಳಬೇಡಿ, ಪಾಪ, ಅವರಿಗೂ ಗೊತ್ತಿರಲ್ಲ. "ಫಾಲ್ಟ್ ಸಿಕ್ತಾ" ಅಂತ ಕೇಳಿ. ಸಿಕ್ಕಿದ್ದರೆ ನಿಮ್ಮ ಮೂರೂವರೆ ಗಂಟೆಯೊಳಗೆ ಬರುವ ಸಾಧ್ಯತೆ ಚೆನ್ನಾಗಿದೆ. ಇನ್ನೂ ಕಾಡೊಳಗೆ ಲೈನ್ ಹುಡುಕುತ್ತಾ ನಡೆಯುತ್ತಿದ್ದಾರೆ ಅಂದರೆ, ಕತ್ತಲಾದ ಮೇಲೆ ಬೆಳಗಿನವರೆಗೂ ಬರದೇ ಇರಬಹುದು. ಆಗ ಎಂಟು ಜನರನ್ನೂ ಕೂರಿಸಿಕೊಂಡು ಬ್ಯಾಟರಿ ಮುಗಿಸಬೇಡಿ. ಕಾಲ್ ತೆಗೆಯಲು ಮೂರು ಜನ ಉಳಿಯಲಿ, ಹತ್ತಿರದ ಮನೆಯವರು. ದೂರದ ಹಳ್ಳಿಯವರನ್ನು ಕೊನೆ ಬಸ್ಸಿಗೆ ಮೊದಲೇ ಕಳಿಸಿ, ಅವರ ಬಿಲ್ ಎಂಟ್ರಿ ಮರುದಿನ ಬೆಳಗ್ಗೆ ಆಗಲಿ. ಮೂರು ಜನಕ್ಕೆ ಎರಡು ಫ್ಯಾನ್, ಒಂದು ಲೈಟ್ ಸಾಕು. ಇಬ್ಬರ ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿದರೂ 210 ವ್ಯಾಟ್ ದಾಟಲ್ಲ. ಹಾಗಾಗಿ ಅದೇ ಬ್ಯಾಟರಿಯಲ್ಲಿ ಸಾಮಾನ್ಯವಾಗಿ ರಾತ್ರಿ ಹತ್ತು ತಲುಪುತ್ತೀರಿ. ಕಾಲ್ ತೆಗೆಯುವವರು ಮಾತು ಶುರುವಾದ ತಕ್ಷಣ ಎದುರಿನವರ ನಂಬರನ್ನು ಕಾಗದದ ಮೇಲೆ ಬರೆದುಕೊಳ್ಳಲಿ. ಮಧ್ಯೆ ಕಾಲ್ ಕಟ್ ಆದರೆ ಆಫೀಸಿನ ಮೊಬೈಲಿನಿಂದ ಅವರಿಗೆ ತಿರುಗಿ ಮಾಡಬಹುದು.

ನಿರ್ವಹಣೆ ಕೆಲಸಕ್ಕಾಗಿ ತೆಗೆಯುವ ಕರೆಂಟಿನ ಸುದ್ದಿ ಪೇಪರಿನಲ್ಲಿ ಮೊದಲೇ ಬರುತ್ತದೆ, ಹೆಚ್ಚಾಗಿ ಬೆಳಗ್ಗೆ 10ರಿಂದ ಸಂಜೆ 5 ಅಥವಾ 6. ಅಂಥ ದಿನ ಬಿಲ್ ಎಂಟ್ರಿಯವರ ಶಿಫ್ಟನ್ನೇ ಸಂಜೆಗೆ ಸರಿಸಿ.

ಇಷ್ಟೆಲ್ಲ ಮಾಡಿದ ಮೇಲೂ ವಾರಕ್ಕೆ ಎರಡು ಮೂರು ಸಲ ನಾಲ್ಕು ಗಂಟೆ ದಾಟುವ ಕಟ್ ಆಗುತ್ತಿದ್ದರೆ ಮಾತ್ರ ಜನರೇಟರ್ ತಗೊಳ್ಳಿ. ಈ ಲೋಡಿಗೆ 2 ಕೆವಿಎ ಪೆಟ್ರೋಲಿನದು ಸಾಕು. ಮಳೆ ಅಂತ ಅದನ್ನು ಒಳಗೆ ಅಥವಾ ಕಿಟಕಿ ಕೆಳಗೆ ಇಡಬೇಡಿ, ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ವಾಸನೆಯಿಲ್ಲದೆ ಕೊಲ್ಲುತ್ತದೆ. ಚೇಂಜ್‌ಓವರ್ ಸ್ವಿಚ್ ಇಲ್ಲದೆ ಗೋಡೆಯ ಪ್ಲಗ್ಗಿಗೆ ಜೋಡಿಸಲೇಬೇಡಿ: ಕರೆಂಟ್ ಹಿಂದಕ್ಕೆ ಲೈನಿಗೆ ಹೋಗಿ ಕಂಬದ ಮೇಲಿರುವ ಲೈನ್‌ಮನ್ ಪ್ರಾಣ ತೆಗೆಯುತ್ತದೆ. ಜನರೇಟರ್ ಓಡುತ್ತಿದ್ದೂ ಇನ್ವರ್ಟರ್ ಚಾರ್ಜ್ ಆಗುತ್ತಿಲ್ಲ ಅಂದರೆ ಹಿಂಭಾಗದ ಆ ಸ್ವಿಚ್ ಯುಪಿಎಸ್ ಮೋಡಿನಲ್ಲಿದೆಯಾ ನೋಡಿ. ಸಣ್ಣ ಜನರೇಟರಿನ ಏರಿಳಿತದ ಕರೆಂಟನ್ನು ಆ ಮೋಡ್ ಒಪ್ಪುವುದಿಲ್ಲ, ನಾರ್ಮಲ್‌ಗೆ ಹಾಕಿದರೆ ಹೆಚ್ಚಾಗಿ ತೆಗೆದುಕೊಳ್ಳುತ್ತದೆ.