13 ಮಿ.ಮೀ. ಗೋಡೆ: ಓಡಿದ್ದರಿಂದಲೋ, ಕಾಯಿಲೆಯಿಂದಲೋ?

ಪ್ರಶ್ನೆ: ನನಗೆ 36 ವರ್ಷ. ಆರು ವರ್ಷದಿಂದ ಹಾಫ್ ಮ್ಯಾರಥಾನ್ ಓಡ್ತಿದೀನಿ. ಕಂಪನಿ ಚೆಕಪ್‌ನಲ್ಲಿ ಪಲ್ಸ್ 46, ಇಸಿಜಿಯಲ್ಲಿ ಎಲ್‌ವಿಎಚ್ ಅಂತ ಬಂತು. ಎಕೋದಲ್ಲಿ ಹೃದಯದ ಗೋಡೆ 13 ಮಿ.ಮೀ. ಇದು ಅಥ್ಲೀಟ್ ಹಾರ್ಟಾ, ಕಾಯಿಲೆನಾ?

ನಾನು ಎಕೋ ಮಾಡುವ ಡಾಕ್ಟರ್. ಓಟಗಾರರು, ಸೈಕಲ್ ತುಳಿಯುವವರು ಇದೇ ಭಯ ಹೊತ್ತು ನನ್ನ ಹತ್ತಿರ ಬರುತ್ತಾರೆ.

ಮೊದಲು ಇಸಿಜಿ. ಪಲ್ಸ್ 46 ನಿಮ್ಮಂಥವರಲ್ಲಿ ಮಾಮೂಲು. ಎಲ್‌ವಿಎಚ್, ಅಂದರೆ ಎಡ ಕೆಳಕೋಣೆಯ ಗೋಡೆ ದಪ್ಪ ಅಂತ ಬರೆದದ್ದು ಮೆಷಿನ್. ಗೆರೆಗಳು ಎತ್ತರ ಇದ್ದರೆ ಅದು ಹಾಗೆ ಬರೆದುಬಿಡುತ್ತದೆ. ತೆಳ್ಳಗಿನ ಎದೆ, ಗಟ್ಟಿ ಹೃದಯ ಇದ್ದವರಲ್ಲಿ ಗೆರೆ ಎತ್ತರ ಬರುವುದು ಸಹಜ. ಕ್ರೀಡಾಪಟುಗಳ ಇಸಿಜಿ ಓದಲು 2017ರಲ್ಲಿ ಬಂದ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ, ಬರೀ ಎತ್ತರ ಒಂದೇ ಇದ್ದರೆ ಮುಂದಿನ ಪರೀಕ್ಷೆಯೇ ಬೇಕಿಲ್ಲ. ಪಿಆರ್, ಅಂದರೆ ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ವಿದ್ಯುತ್ ಸಂಕೇತ ತಲುಪುವ ಸಮಯ, ಸ್ವಲ್ಪ ಉದ್ದ ಇರುವುದೂ ಹೀಗೇ. ತರಬೇತಿಯಿಂದ, ಹೃದಯದ ಬಡಿತ ನಿಧಾನ ಮಾಡುವ ವೇಗಸ್ ನರದ ಹಿಡಿತ ಜಾಸ್ತಿಯಾಗಿ ಹೀಗಾಗುತ್ತದೆ. ನಾಲ್ಕು ಸಲ ಮೆಟ್ಟಿಲು ಹತ್ತಿಳಿಸಿ ಮತ್ತೆ ಇಸಿಜಿ ತೆಗೆದರೆ ಪಿಆರ್ ಸರಿಹೋಗಿರುತ್ತದೆ.

ನೀವು ಹುಡುಕಬೇಕಾದ್ದು ಟಿ ಅಲೆ, ಅಂದರೆ ಪ್ರತಿ ಬಡಿತದ ಗೆರೆಯ ಕೊನೆಯಲ್ಲಿ ಬರುವ ಉಬ್ಬು. ವಿ5, ವಿ6 ಲೀಡ್‌ಗಳಲ್ಲಿ, ಇಲ್ಲವೇ ಲೀಡ್ ಒಂದು ಮತ್ತು ಎವಿಎಲ್‌ನಲ್ಲಿ ಟಿ ತಲೆಕೆಳಗಾಗಿದೆಯಾ? ಎಸ್‌ಟಿ ಗೆರೆ ಕೆಳಗೆ ಕುಸಿದಿದೆಯಾ? ಇವು ಎಷ್ಟು ಓಡಿದರೂ ಬರುವಂಥವಲ್ಲ. ಇವಿದ್ದರೆ ಎಕೋ ಚೆನ್ನಾಗಿ ಕಂಡರೂ ಎಂಆರ್‌ಐ ಮಾಡಿಸಲೇಬೇಕು. ಇಲ್ಲಿ ಭಯಪಡಬೇಕಾದ ಕಾಯಿಲೆ ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪತಿ, ಅಂದರೆ ಹೃದಯದ ಸ್ನಾಯು ತಾನಾಗೇ ದಪ್ಪವಾಗುವುದು; ಅದರಲ್ಲಿ ಗೋಡೆ ದಪ್ಪ ಆಗುವ ಮೊದಲೇ ಇಸಿಜಿ ಕೆಡಬಹುದು.

ಈಗ 13 ಮಿ.ಮೀ. ಸಾಮಾನ್ಯವಾಗಿ ಗೋಡೆ 11ರ ಒಳಗಿರುತ್ತದೆ. 13ರಿಂದ 15ರ ನಡುವೆ ಎರಡೂ ಸಾಧ್ಯ. ಆದರೆ ಈ ದಪ್ಪ ಅಪರೂಪ. 1991ರಲ್ಲಿ ಇಟಲಿಯ 947 ಉನ್ನತ ಮಟ್ಟದ ಕ್ರೀಡಾಪಟುಗಳ ಗೋಡೆ ಅಳೆದಾಗ 13 ಅಥವಾ ಅದಕ್ಕಿಂತ ಜಾಸ್ತಿ ಇದ್ದದ್ದು ನೂರಕ್ಕೆ ಇಬ್ಬರಿಗೂ ಕಮ್ಮಿ ಜನರಲ್ಲಿ. ಅವರೂ ಬಹುತೇಕ ದೋಣಿ ಹುಟ್ಟು ಹಾಕುವವರು. ಹಾಗಾಗಿ ಕೆಲಸದ ನಡುವೆ ಹಾಫ್ ಮ್ಯಾರಥಾನ್ ಓಡುವವರಲ್ಲಿ 13 ಕಂಡರೆ "ಓಟಗಾರ ಅಲ್ವಾ, ಇರಲಿ" ಅಂತ ನಾನು ಬಿಡುವುದಿಲ್ಲ. ಮೊದಲು ಅಳತೆಯನ್ನೇ ಅನುಮಾನಿಸುತ್ತೇನೆ. ನಡುಗೋಡೆಗೆ ಬಲಗಡೆಯಿಂದ ಸ್ನಾಯುವಿನ ಪಟ್ಟಿಯೊಂದು ಅಂಟಿಕೊಂಡಿರುತ್ತದೆ. ಅವಸರದಲ್ಲಿ ಅದನ್ನೂ ಸೇರಿಸಿ ಅಳೆದರೆ 10 ಇದ್ದದ್ದು 13 ಆಗುತ್ತದೆ. ಇಂಥ ರಿಪೋರ್ಟ್ ನಾನು ಬಹಳ ಸಲ ನೋಡಿದ್ದೇನೆ. ಆಮೇಲೆ ಬಿಪಿ. ಇಡೀ ದಿನದ ಬಿಪಿ ರೆಕಾರ್ಡ್ ಮಾಡಿಸಿ. ದಪ್ಪಕ್ಕೆ ಅದೇ ಕಾರಣವಿರಬಹುದು.

ಅಳತೆ ನಿಜ ಅಂತಾದರೆ ಒಳಗಿನ ಜಾಗ ನೋಡಬೇಕು. ತರಬೇತಿಯಿಂದ ಬೆಳೆದ ಹೃದಯದಲ್ಲಿ ಗೋಡೆಯ ಜೊತೆ ಕೋಣೆಯೂ ಹಿಗ್ಗುತ್ತದೆ. ಎಡ ಕೆಳಕೋಣೆ ಅನೇಕರಲ್ಲಿ 55 ಮಿ.ಮೀ. ದಾಟಿರುತ್ತದೆ. ಕಾಯಿಲೆಯಲ್ಲಿ ಗೋಡೆ ಒಳಮುಖವಾಗಿ ದಪ್ಪವಾಗಿ ಕೋಣೆ ಚಿಕ್ಕದಾಗುತ್ತದೆ, ಸಾಮಾನ್ಯವಾಗಿ 45ರ ಕೆಳಗೆ. ದಪ್ಪವೂ ಎಲ್ಲಾ ಕಡೆ ಒಂದೇ ಸಮ ಇರುವುದಿಲ್ಲ, ಒಂದು ಕಡೆ ಉಬ್ಬಿರುತ್ತದೆ. ಇನ್ನೊಂದು, ಹೃದಯ ಎಷ್ಟು ಬೇಗ ಸಡಿಲವಾಗುತ್ತದೆ ಅನ್ನುವುದು. ಇದನ್ನು ಟಿಶ್ಯೂ ಡಾಪ್ಲರ್ ತೋರಿಸುತ್ತದೆ. ಓಟಗಾರನ ಹೃದಯ ಥಟ್ಟನೆ ಸಡಿಲಾಗುತ್ತದೆ, ಕಾಯಿಲೆಯ ಹೃದಯ ಬಿಗಿಯಾಗಿರುತ್ತದೆ. ಆದರೆ ಶುರುವಿನ ಹಂತದಲ್ಲಿ ಇದು ಸರಿಯಾಗೇ ಕಾಣಬಹುದು. ಇದೊಂದನ್ನೇ ನಂಬಬೇಡಿ.

ಒಬ್ಬ ಸೈಕ್ಲಿಸ್ಟ್ ನೆನಪಾಗುತ್ತಾರೆ. ವಯಸ್ಸು 29, ವಾರಕ್ಕೆ ಹದಿನೈದು ಗಂಟೆ ತುಳಿಯುತ್ತಿದ್ದರು. ಗೋಡೆ 13.5, ಎರಡು ಸಲ ಅಳೆದರೂ ಅಷ್ಟೇ. ಕೋಣೆ 58. ಟಿ ಅಲೆಗಳೆಲ್ಲ ನೆಟ್ಟಗಿದ್ದವು. ಮನೆಯಲ್ಲಿ ಯಾರೂ ಚಿಕ್ಕ ವಯಸ್ಸಿನಲ್ಲಿ ಹಠಾತ್ತನೆ ಸತ್ತಿರಲಿಲ್ಲ. ಎಂಆರ್‌ಐಯಲ್ಲಿ ಹೃದಯದ ಸ್ನಾಯುವಿನಲ್ಲಿ ಗಾಯದ ಕಲೆ ಇರಲಿಲ್ಲ. ಆದರೂ ಮೂರು ತಿಂಗಳು ಸೈಕಲ್ ಪೂರ್ತಿ ನಿಲ್ಲಿಸಿ ಅಂದೆ. ಅವರಿಗೆ ಅದು ಬಹಳ ಕಷ್ಟವಾಯಿತು. ವಾಪಸ್ ಬಂದಾಗ ಗೋಡೆ 10.5ಕ್ಕೆ ಇಳಿದಿತ್ತು. ಕಾಯಿಲೆಯ ಗೋಡೆ ಹಾಗೆ ಇಳಿಯುವುದು ಕಷ್ಟ. ಆಗ ಅವರನ್ನು ಮತ್ತೆ ರಸ್ತೆಗೆ ಬಿಟ್ಟೆ.

ಹಾಗಾಗಿ ನಿಮ್ಮ ರಿಪೋರ್ಟ್‌ನಲ್ಲಿ ಎಲ್‌ವಿಐಡಿಡಿ ಅಂತ ಒಂದು ಸಂಖ್ಯೆ ಇರುತ್ತದೆ, ನೋಡಿ. ಕೋಣೆಯ ಅಳತೆ ಅದೇ. ಇಸಿಜಿ ಕಾಗದವನ್ನು ಹೃದಯ ತಜ್ಞರಿಗೆ ಕೊಟ್ಟು, ಮೆಷಿನ್ ಬರೆದದ್ದನ್ನು ಬಿಟ್ಟು ಗೆರೆಗಳನ್ನೇ ಓದಲು ಹೇಳಿ. ಎಕೋವನ್ನು ಇನ್ನೊಮ್ಮೆ, ಕ್ರೀಡಾಪಟುಗಳನ್ನು ನೋಡಿ ಅಭ್ಯಾಸ ಇರುವವರ ಹತ್ತಿರ ಮಾಡಿಸಿ. ಅಲ್ಲಿಯವರೆಗೆ ನಡೆಯಿರಿ, ರೇಸ್ ಬೇಡ.

ಒಂದು ವಿಷಯ ನೀವು ಬರೆದಿಲ್ಲ. ಓಡುತ್ತಿರುವಾಗಲೇ ಯಾವತ್ತಾದರೂ ಕಣ್ಣು ಕತ್ತಲೆ ಬಂದು ಬಿದ್ದಿದ್ದೀರಾ? ಓಟ ಮುಗಿಸಿ ನಿಂತಾಗ ತಲೆ ಸುತ್ತುವುದು ಬೇರೆ. ಓಡುವಾಗಲೇ ಬಿದ್ದಿದ್ದರೆ, ಇಲ್ಲವೇ ಅಣ್ಣ, ತಮ್ಮ, ಚಿಕ್ಕಪ್ಪ, ಸೋದರಮಾವ ಯಾರಾದರೂ ನಲವತ್ತರ ಒಳಗೆ ಇದ್ದಕ್ಕಿದ್ದಂತೆ ತೀರಿಕೊಂಡಿದ್ದರೆ, ಈ ವಾರವೇ ಡಾಕ್ಟರ್ ಹತ್ತಿರ ಹೋಗಿ.