ಕ್ಯಾಪಿಟಲ್ ಲೆಟರ್ ಟೈಟಲ್: ಕ್ಲಿಕ್ ಬಂತು, ಜನ ನಿಲ್ಲಲಿಲ್ಲ

ಪ್ರಶ್ನೆ: ಕನ್ನಡ ಯೂಟ್ಯೂಬ್ ವಿಡಿಯೋ ಟೈಟಲ್‌ನಲ್ಲಿ ಇಂಗ್ಲಿಷ್ ಪದಗಳನ್ನು ಪೂರ್ತಿ ಕ್ಯಾಪಿಟಲ್‌ನಲ್ಲಿ ಹಾಕಿದರೆ ಕ್ಲಿಕ್ ಜಾಸ್ತಿ ಬರುತ್ತಾ?

2022ರಲ್ಲಿ ನಾನೂ ಇದನ್ನೇ ಮಾಡಿದೆ. ಪಿಎಫ್ ಹಣ ತೆಗೆಯುವ ಬಗ್ಗೆ ಕನ್ನಡದಲ್ಲಿ ವಿಡಿಯೋ ಮಾಡುತ್ತಿದ್ದೆ. ಕೆಲಸದಲ್ಲಿರುವಾಗಲೇ ಸ್ವಲ್ಪ ಹಣ ಅಡ್ವಾನ್ಸ್ ಆಗಿ ತೆಗೆಯುವ ಫಾರ್ಮ್ 31 ಬಗ್ಗೆ ಮಾಡಿದ ಒಂದರ ಟೈಟಲ್ ಹೀಗಿತ್ತು:

ಪಿಎಫ್ ಅಡ್ವಾನ್ಸ್ ತೆಗೆಯೋದು ಹೇಗೆ? Form 31 Online

ಬೇರೆ ಚಾನೆಲ್‌ಗಳ ಟೈಟಲ್ ನೋಡಿ, ಇದನ್ನು ಹೀಗೆ ಬದಲಿಸಿದೆ:

ಪಿಎಫ್ ಹಣ ತೆಗೆಯಿರಿ PF WITHDRAWAL FULL PROCESS LIVE PROOF FORM 31

ಮೊದಲ ವಾರ ಕ್ಲಿಕ್ ಏರಿತು. ಯೂಟ್ಯೂಬ್ ಸ್ಟುಡಿಯೋದಲ್ಲಿ ಕ್ಲಿಕ್ ಪ್ರಮಾಣ ಶೇ. 4ರ ಆಸುಪಾಸಿನಿಂದ 5 ದಾಟಿತ್ತು. ಖುಷಿಯಲ್ಲಿ ಒಂದೇ ಭಾನುವಾರ ಕೂತು ಚಾನೆಲ್‌ನ ಎಲ್ಲಾ ಟೈಟಲ್‌ಗಳನ್ನೂ ಕ್ಯಾಪಿಟಲ್ ಮಾಡಿಬಿಟ್ಟೆ. ಅದೇ ದಿನ ಥಂಬ್‌ನೇಲ್‌ಗಳನ್ನೂ ಬದಲಿಸಿದೆ. ಹಳೆ ಟೈಟಲ್‌ಗಳನ್ನು ಎಲ್ಲೂ ಬರೆದಿಟ್ಟುಕೊಳ್ಳಲಿಲ್ಲ.

ನನಗೆ ದುಬಾರಿಯಾದ ತಪ್ಪು ಇದೇ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ತಿಂಗಳ ಕೊನೆಗೆ, ಜನ ಒಂದು ವಿಡಿಯೋ ನೋಡುವ ಸರಾಸರಿ ಸಮಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಯಾಕೆ ಅಂತ ಗೊತ್ತಾಗಲಿಲ್ಲ. ಕ್ಯಾಪಿಟಲ್ ಅಕ್ಷರದಿಂದಲಾ, ಥಂಬ್‌ನೇಲ್‌ನಿಂದಲಾ, ಸೇರಿಸಿದ ‘ಲೈವ್ ಪ್ರೂಫ್’ ಅನ್ನೋ ಮಾತಿನಿಂದಲಾ? ಮೂರನ್ನೂ ಒಟ್ಟಿಗೆ ಬದಲಿಸಿದ್ದೆ. ಮುಟ್ಟದೆ ಬಿಟ್ಟ ವಿಡಿಯೋ ಒಂದೂ ಇರಲಿಲ್ಲ, ಹಾಗಾಗಿ ಹೋಲಿಸಿ ನೋಡುವುದಕ್ಕೂ ಏನೂ ಉಳಿದಿರಲಿಲ್ಲ. ಹಳೆಯದಕ್ಕೆ ವಾಪಸ್ ಹೋಗೋಣ ಅಂದರೆ ಆ ಒಂದನ್ನು ಬಿಟ್ಟು ಬೇರೆ ಹಳೆ ಟೈಟಲ್ ನೆನಪಿಲ್ಲ. ಹತ್ತು ವಿಡಿಯೋ ಮಾತ್ರ ಬದಲಿಸಿ ಎರಡು ವಾರ ಕಾದಿದ್ದರೆ ಸಾಕಿತ್ತು.

ಕಾರಣ ಸಿಕ್ಕಿದ್ದು ಒಂದು ಕಾಮೆಂಟಿನಿಂದ. ಗಾರ್ಮೆಂಟ್ಸ್ ಕೆಲಸ ಬಿಟ್ಟ ಒಬ್ಬ ಅಕ್ಕ ಬರೆದಿದ್ದರು: ‘ಅಣ್ಣ, ನಾನು ಕೆಲಸ ಬಿಟ್ಟಿದ್ದೀನಿ, ಪೂರ್ತಿ ಹಣ ಬೇಕು. ಇದು ಅಡ್ವಾನ್ಸ್‌ದು ಅಂತ ಮೊದಲೇ ಹೇಳಬಾರದಿತ್ತಾ?’ ಅವರಿಗೆ ಬೇಕಿದ್ದದ್ದು ಕೆಲಸ ಬಿಟ್ಟವರು ಪೂರ್ತಿ ಹಣ ತೆಗೆಯುವ ಫಾರ್ಮ್ 19. ನಾನು ಟೈಟಲ್‌ನಲ್ಲಿ ಫಾರ್ಮ್ 31 ಅಂತ ಹಾಕಿದ್ದೆನಲ್ಲ ಅಂದುಕೊಂಡು ಮೊಬೈಲ್ ತೆಗೆದು ನೋಡಿದೆ. ಕ್ಯಾಪಿಟಲ್ ಅಕ್ಷರಗಳು ಅಗಲ. ಮೊಬೈಲ್‌ನಲ್ಲಿ ಟೈಟಲ್‌ಗೆ ಸಿಗುವುದು ಎರಡು ಸಾಲು. ಆ ದೊಡ್ಡ ಪದಗಳೇ ಜಾಗವನ್ನೆಲ್ಲಾ ತಿಂದು, 31 ಬರುವಷ್ಟರಲ್ಲಿ ಮೂರು ಚುಕ್ಕಿ ಬಿದ್ದಿತ್ತು. ಯಾರಿಗೆ ಯಾವ ವಿಡಿಯೋ ಅಂತ ಹೇಳುವ ಒಂದೇ ಒಂದು ಗುರುತು ಕಣ್ಣಿಗೆ ಬೀಳುತ್ತಿರಲಿಲ್ಲ. ಅಡ್ವಾನ್ಸ್ ಅನ್ನೋ ಪದವನ್ನೂ ನಾನೇ ಕಿತ್ತುಹಾಕಿದ್ದೆ. ಬೇಕಿಲ್ಲದವರು ಒತ್ತಿದರು, ಅರ್ಧ ನಿಮಿಷಕ್ಕೆ ಎದ್ದು ಹೋದರು.

ಅದರ ಕೆಳಗೇ ಇನ್ನೊಬ್ಬರು ‘ಇದು ಫ್ರಾಡ್ ಇರಬೇಕು, ಓಟಿಪಿ ಕೊಡಬೇಡಿ’ ಅಂತ ಬರೆದಿದ್ದರು. ನಾನು ಯಾರ ಓಟಿಪಿಯನ್ನೂ ಕೇಳಿರಲಿಲ್ಲ. ಆದರೆ ‘ನಿಮ್ಮ ಖಾತೆ ಇವತ್ತೇ ಬ್ಲಾಕ್ ಆಗುತ್ತೆ’ ಅಂತ ಬರುವ ಮೋಸದ ಮೆಸೇಜ್‌ಗಳು ಎಷ್ಟೋ ಸಲ ಪೂರ್ತಿ ಕ್ಯಾಪಿಟಲ್‌ನಲ್ಲೇ ಇರುತ್ತವೆ ಅಲ್ವಾ? ದುಡ್ಡಿನ ವಿಷಯದಲ್ಲಿ ಜನಕ್ಕೆ ಆ ರೂಪ ಕಂಡರೇ ಭಯ.

ಅದಕ್ಕೇ ನಿಮ್ಮ ಪ್ರಶ್ನೆಯೇ ತಪ್ಪು ಜಾಗದಲ್ಲಿ ಶುರುವಾಗಿದೆ ಅನ್ನುತ್ತೇನೆ. ಎದ್ದು ಕಾಣಲಿ ಅಂತ ತಾನೇ ಕ್ಯಾಪಿಟಲ್ ಹಾಕುವುದು? ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಅಂತ ಇಲ್ಲ. ಕನ್ನಡದ ನಡುವೆ ಇಂಗ್ಲಿಷ್ ಪದ ಬಂದರೆ ಲಿಪಿ ಬೇರೆ ಆದ್ದರಿಂದಲೇ ಅದು ಕಣ್ಣಿಗೆ ಬೀಳುತ್ತದೆ. ಅದರ ಮೇಲೆ ಕ್ಯಾಪಿಟಲ್ ಹಾಕಿದರೆ ಕನ್ನಡದ ಭಾಗವನ್ನೇ ಕಣ್ಣು ದಾಟಿ ಹೋಗುತ್ತದೆ. ಹುಡುಕಾಟಕ್ಕೂ ಲಾಭವಿಲ್ಲ. ಯೂಟ್ಯೂಬ್ ಸರ್ಚ್‌ನಲ್ಲಿ form 31 ಅಂದರೂ ಒಂದೇ, FORM 31 ಅಂದರೂ ಒಂದೇ. ಗೂಗಲ್ ಜಾಹೀರಾತಿನ ನಿಯಮದಲ್ಲಂತೂ FREE ಅಂತ ಸುಮ್ನೆ ಗಮನ ಸೆಳೆಯಲು ಕ್ಯಾಪಿಟಲ್ ಹಾಕುವ ಹಾಗಿಲ್ಲ.

ಕ್ಯಾಪಿಟಲ್ ಬೇಕೇ ಬೇಕಾದ ಕಡೆಯೂ ಇದೆ. PF, UAN, PAN, EPFO ಇವೆಲ್ಲ ಸಂಕ್ಷಿಪ್ತ ಹೆಸರುಗಳು, ಹಾಗೇ ಇರಲಿ. pan ಅಂತ ಬರೆದರೆ ಬಾಣಲೆ ಅಂದುಕೊಂಡಾರು. ಸುತ್ತಲಿನ ಪದಗಳೆಲ್ಲ ಕ್ಯಾಪಿಟಲ್ ಆದರೆ ಇವೂ ಆ ಗುಂಪಿನಲ್ಲಿ ಕರಗುತ್ತವೆ. ಉಳಿದ ಪದಗಳಿಗೆ ಮೊದಲ ಅಕ್ಷರ ಮಾತ್ರ ದೊಡ್ಡದಿರಲಿ, Form, Online ಹೀಗೆ. ಎರಡು ಮೂರು ಇಂಗ್ಲಿಷ್ ಪದಗಳಿರುವ ಟೈಟಲ್‌ನಲ್ಲಿ ಪ್ರತಿ ಪದದ ಮೊದಲ ಅಕ್ಷರ ದೊಡ್ಡದಾ, ಬರೀ ಮೊದಲ ಪದದ್ದಾ ಅನ್ನೋ ಚರ್ಚೆಗೆ ಸಮಯ ಕೊಡಬೇಡಿ. ಒಂದನ್ನು ಹಿಡಿದು ಎಲ್ಲಾ ವಿಡಿಯೋಗೂ ಅದನ್ನೇ ಹಾಕಿ.

ಆದರೂ ಪರೀಕ್ಷೆ ಮಾಡಲೇಬೇಕು ಅನಿಸಿದರೆ, ಥಂಬ್‌ನೇಲ್ ಮುಟ್ಟಬೇಡಿ, ಪದ ಸೇರಿಸಬೇಡಿ, ಇಂಗ್ಲಿಷ್ ಪದಗಳನ್ನು ಕ್ಯಾಪಿಟಲ್‌ಗೆ ಮಾತ್ರ ಬದಲಿಸಿ. ಹಳೆ ಟೈಟಲ್ ಬರೆದಿಡಿ. ಕ್ಲಿಕ್ ಪಕ್ಕದಲ್ಲೇ ನೋಡಿದ ಸಮಯವನ್ನೂ ಬರೆಯಿರಿ. ಒಂದು ಏರಿ ಇನ್ನೊಂದು ಇಳಿದರೆ, ತಪ್ಪು ಜನ ಬಂದು ಹೋಗುತ್ತಿದ್ದಾರೆ ಅಂತ ಲೆಕ್ಕ.

ನನ್ನ ಆ ವಿಡಿಯೋದ ಟೈಟಲ್ ಈಗ ಹೀಗಿದೆ, ಮೊಬೈಲ್‌ನಲ್ಲಿ ಪೂರ್ತಿ ಕಾಣುತ್ತದೆ:

Form 31: ಕೆಲಸದಲ್ಲಿರುವಾಗ PF ಅಡ್ವಾನ್ಸ್ ತೆಗೆಯೋದು