ಸಾಲಿನ ಮೊದಲ ಮಾತು ಮರುಕಳಿಸಿದರೆ ದುಃಖ ಯಾವಾಗ ಕೂಡಿ ಬರುತ್ತದೆ?

ಪ್ರಶ್ನೆ: ಲಿಂಗನಮಕ್ಕಿ ಮುಳುಗಡೆ ಬಗ್ಗೆ ಸಾಗರದ ಕವಿಗೋಷ್ಠಿಗೆ ಕವನ ಬರೆದಿದ್ದೇನೆ. ಎಂಟೂ ಸಾಲು ‘ಮುಳುಗಿತು’ ಅಂತಲೇ ಶುರು. ಓದಿದರೆ ದುಃಖ ಬರುತ್ತಿಲ್ಲ, ಘೋಷಣೆ ಥರ ಕೇಳುತ್ತೆ. ಏನು ಮಾಡಲಿ?

ಉತ್ತರ: ತೊಡಕು ಇರುವುದು ಆ ಕ್ರಿಯಾಪದದಲ್ಲಿ. ಕನ್ನಡದ ವಾಕ್ಯ ಕ್ರಿಯಾಪದಕ್ಕೆ ಬಂದು ಮುಗಿಯುತ್ತದೆ. ಅದನ್ನೇ ಮುಂದಕ್ಕೆ ತಂದರೆ ಆಗಬೇಕಾದ್ದೆಲ್ಲ ಮೊದಲ ನಾಲ್ಕು ಮಾತ್ರೆಯಲ್ಲೇ ಆಗಿಹೋಗುತ್ತದೆ, ಉಳಿದ ಸಾಲು ಏನೇನು ಮುಳುಗಿತು ಎಂಬ ಪಟ್ಟಿಯಾಗುತ್ತದೆ. ಕ್ರಿಯಾಪದವನ್ನೇ ಮರುಕಳಿಸುವ ಆಸೆಯಿದ್ದರೆ ಅದರ ಸಹಜ ಜಾಗ ಸಾಲಿನ ಕೊನೆ. ನಿಮ್ಮ ಪಕ್ಕದ ಶಿಕಾರಿಪುರ ತಾಲ್ಲೂಕಿನ ಉಡುತಡಿಯ ಅಕ್ಕಮಹಾದೇವಿ ಗಿಳಿ, ಕೋಗಿಲೆ, ದುಂಬಿಗಳನ್ನು ಒಂದೊಂದಾಗಿ ಕರೆದು ಕೇಳುವ ವಚನ ನೋಡಿ: ‘ನೀವು ಕಾಣಿರೆ’ ಬರುವುದು ಪ್ರತಿ ಕರೆಯ ತುದಿಗೆ.

ಆರಂಭವೇ ಮರುಕಳಿಸಬೇಕೆಂದರೆ ಅಲ್ಲಿಗೇ ಮುಗಿಯದ ಮಾತು ಬೇಕು. ಶರಾವತಿಯ ನೀರು ಏರುತ್ತದೆಂದು ಜನಕ್ಕೆ ಮೊದಲೇ ತಿಳಿದಿತ್ತು; ಆ ಕಾಯುವಿಕೆಯನ್ನೇ ಹಿಡಿಯಿರಿ:

ನೀರು ಬರುವ ಮುಂಚೆ ಅಪ್ಪ ಕೊನೆ ಕೊಯ್ದ
ನೀರು ಬರುವ ಮುಂಚೆ ಅಮ್ಮ ಒಲೆ ಸಾರಿಸಿದಳು
ನೀರು ಬರುವ ಮುಂಚೆ ಅಜ್ಜಿ ತುಳಸಿಕಟ್ಟೆಯ ಮಣ್ಣನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು
ನೀರು ಬಂತು

‘ನೀರು ಬರುವ ಮುಂಚೆ’ ಮೂರು ಮಾತ್ರೆಯ ಮೂರು ಗಣ. ಕಿವಿಗೆ ಬೇಗ ಕೂರುತ್ತದೆ. ವಾಕ್ಯ ಇನ್ನೂ ತೆರೆದೇ ಇರುವುದರಿಂದ ಕೇಳುವವರು ಪ್ರತಿ ಸಲವೂ ಕ್ರಿಯಾಪದಕ್ಕೆ ಕಾಯಬೇಕು. ಇದಕ್ಕಿಂತ ಉದ್ದದ ಆರಂಭ ಹೊಸ ಮಾತಿಗೆ ಜಾಗ ಬಿಡುವುದಿಲ್ಲ.

ಇನ್ನು ಕ್ರಮ. ಅಡಿಕೆಯ ಕೊನೆಕೊಯ್ಲಿನಿಂದ ಇನ್ನೂ ನಾಲ್ಕು ಕಾಸು ಸಿಗುತ್ತದೆ. ಮುಳುಗುವ ಒಲೆಯನ್ನು ಸಾರಿಸುವುದರಿಂದ ಏನೂ ಸಿಗದು. ಮೂರನೆಯ ಸಾಲಿನಲ್ಲಿ ಅಜ್ಜಿ ಆಗಲೇ ಹೊರಟಿದ್ದಾಳೆ. ಹೀಗೆ ಒಂದು ಸಾಲು ಹಿಂದಿನದರ ಮೇಲೆ ಕೂತಾಗ ಮಾತ್ರ ದುಃಖ ಕೂಡುತ್ತಾ ಹೋಗುತ್ತದೆ. ನಿಮ್ಮ ಎಂಟು ಸಾಲುಗಳನ್ನು ಅದಲುಬದಲು ಮಾಡಿ ಓದಿ. ಏನೂ ಕೆಡದಿದ್ದರೆ ಅದು ಪಟ್ಟಿಯೇ, ಅರ್ಧ ತೆಗೆದುಹಾಕಬಹುದು.

ಅದೇ ಆರಂಭ ಮತ್ತೆ ಬರುತ್ತದೆಂದು ಎರಡು ಸಲಕ್ಕೆ ಕಿವಿ ನಂಬುವುದಿಲ್ಲ, ಮೂರಕ್ಕೆ ನಂಬುತ್ತದೆ, ಐದಾರು ದಾಟಿದರೆ ಮುಂದಿನದನ್ನು ತಾನೇ ಹೇಳಿಕೊಂಡು ಕೇಳುವುದನ್ನು ಬಿಡುತ್ತದೆ. ನಂಬಿಕೆ ಕೂತ ಮೇಲೆಯೇ ಮುರಿಯಬೇಕು. ‘ಬರುವ’ ನಿರೀಕ್ಷಿಸಿದ ಕಡೆ ‘ಬಂತು’ ಎಂದಾಗ ಸಾಲು ಅಲ್ಲಿಗೇ ನಿಲ್ಲುತ್ತದೆ. ಅದರ ಮುಂದೆ ವಿವರಣೆ ಬೇಡ, ಖಾಲಿ ಬಿಡಿ.

ಮೇಲಿನ ಮೂರು ಸಾಲು ಉದ್ದವಾಗುತ್ತಾ ಹೋಗುವುದೂ ಬೇಕೆಂದೇ. ಅದೇ ಆರಂಭದ ನಂತರ ಸಾಲುಗಳನ್ನು ಕುಗ್ಗಿಸುತ್ತಾ ಹೋದರೆ ಧಾವಂತ ಬರುತ್ತದೆ, ಎಲ್ಲವನ್ನೂ ಒಂದೇ ಅಳತೆಗೆ ಕೂರಿಸಿದರೆ ಜಪ, ಭಜನೆಯ ಲಯ. ನಿಮ್ಮ ‘ಮುಳುಗಿತು’ ಸಾಲುಗಳು ಬಹುಶಃ ಒಂದೇ ಅಳತೆಯಲ್ಲಿವೆ. ಘೋಷಣೆಯಂತೆ ಕೇಳುವುದಕ್ಕೆ ಅದೂ ಕಾರಣ.

ವೇದಿಕೆಯಲ್ಲಿ ಹೆಚ್ಚಿನವರು ಮರುಕಳಿಸುವ ಮಾತಿಗೇ ದನಿ ಏರಿಸುತ್ತಾರೆ. ಹಾಗೆ ಮಾಡಬೇಡಿ. ‘ನೀರು ಬರುವ ಮುಂಚೆ’ಯನ್ನು ಪ್ರತಿ ಸಲ ಒಂದೇ ಸ್ಥಾಯಿಯಲ್ಲಿ, ಮಾತಾಡುವ ದನಿಯಲ್ಲೇ ಹೇಳಿ, ಒತ್ತನ್ನು ಕೊನೆ, ಒಲೆ, ಮಣ್ಣಿನ ಮೇಲೆ ಇಡಿ. ‘ನೀರು ಬಂತು’ ಹೇಳುವ ಮೊದಲು ನಿಲ್ಲಬೇಡಿ. ಅಲ್ಲಿ ತಡೆದರೆ ಏನೋ ಬದಲಾಗುತ್ತದೆಂದು ಕೇಳುಗರಿಗೆ ಮೊದಲೇ ಗೊತ್ತಾಗಿಬಿಡುತ್ತದೆ.